ಷೇರುಪೇಟೆಯಲ್ಲಿಲ್ಲದ ಫೌಂಡ್ರಿಗೆ ಬೀಟಾ: ಅಣ್ಣತಮ್ಮಂದಿರ ಪಾಲಿನ ಒಂದು ಮೌಲ್ಯಮಾಪನ

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುತ್ತಿದ್ದ ಅಣ್ಣತಮ್ಮಂದಿರಿಬ್ಬರು 2023ರ ಬೇಸಿಗೆಯಲ್ಲಿ ನನ್ನ ಬಳಿ ಬಂದಾಗ, ಅವರ ನಡುವಿನ ಹೆಚ್ಚಿನ ಮಾತುಗಳು ಮನೆಯಲ್ಲೇ ಇತ್ಯರ್ಥವಾಗಿದ್ದವು. ತಮ್ಮನು ತನ್ನ ಶೇ. 40ರಷ್ಟು ಷೇರುಗಳನ್ನು ಅಣ್ಣನಿಗೆ ಬಿಟ್ಟುಕೊಟ್ಟು ಹೊರಬರುವುದು, ಅಣ್ಣನು ಕಾರ್ಖಾನೆಯನ್ನೂ ಬ್ಯಾಂಕಿನ ಸಾಲವನ್ನೂ ತಾನೇ ಮುಂದುವರಿಸಿಕೊಂಡು ಹೋಗುವುದು, 2023ರ ಮಾರ್ಚ್ 31ರ ಲೆಕ್ಕವನ್ನು ಆಧಾರವಾಗಿ ಹಿಡಿಯುವುದು ಎಂದು ಇಬ್ಬರೂ ಒಪ್ಪಿ ಸಹಿ ಹಾಕಿದ್ದರು. ಉಳಿದಿದ್ದು ಬೆಲೆ ಮಾತ್ರ, ಮತ್ತು ಆ ಬೆಲೆಯೊಳಗೂ ಜಗಳವಿದ್ದದ್ದು ಒಂದೇ ಒಂದು ಸಂಖ್ಯೆಯ ಬಗ್ಗೆ. ಷೇರುಗಳ ಮೌಲ್ಯಮಾಪಕನಾಗಿ ನಾನು ಆ ಸಂಖ್ಯೆಯನ್ನು ಹೇಗೆ ಕಂಡುಕೊಂಡೆ, ಅದು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಮೊತ್ತಗಳನ್ನು ದುಂಡಾಗಿಸಿದ್ದೇನೆ.

ಕಂಪನಿಯದು ಬೀಡು ಕಬ್ಬಿಣದ ಎರಕದ ಕೆಲಸ: ಪಂಪುಗಳ ಹೊರಕವಚ, ಟ್ರ್ಯಾಕ್ಟರಿನ ಕೆಲವು ಬಿಡಿಭಾಗ. ಬ್ಯಾಂಕಿನ ಬಡ್ಡಿ, ತೆರಿಗೆ, ಹಳೆಯ ಯಂತ್ರಗಳ ಬದಲಾವಣೆ ಎಲ್ಲವನ್ನೂ ಕಳೆದ ಮೇಲೆ ಮುಂದಿನ ವರ್ಷ ಮಾಲೀಕರ ಕೈಗೆ 3.2 ಕೋಟಿ ರೂಪಾಯಿ ಉಳಿಯುತ್ತದೆ ಎಂಬುದಕ್ಕೂ, ಅದು ವರ್ಷಕ್ಕೆ ಶೇ. 6ರಂತೆ ಬೆಳೆಯುತ್ತದೆ ಎಂಬುದಕ್ಕೂ ಇಬ್ಬರ ಸಮ್ಮತಿಯಿತ್ತು. ಹೀಗೆ ಒಂದೇ ಸಮನೆ ಬೆಳೆಯುವ ಹಣದ ಇಂದಿನ ಮೌಲ್ಯವನ್ನು ಕಂಡುಹಿಡಿಯಲು ಮುಂದಿನ ವರ್ಷದ ಹಣವನ್ನು, ಹೂಡಿಕೆದಾರ ಬಯಸುವ ಪ್ರತಿಫಲದ ದರದಿಂದ ಬೆಳವಣಿಗೆಯ ದರವನ್ನು ಕಳೆದು ಉಳಿದದ್ದರಿಂದ ಭಾಗಿಸಿದರೆ ಸಾಕು. ತಮ್ಮನ ಪ್ರಕಾರ ಬಯಸಬೇಕಾದ ಪ್ರತಿಫಲ ಶೇ. 11, ಬ್ಯಾಂಕಿನ ಠೇವಣಿಗೆ ಶೇ. 7 ಸಿಗುವಾಗ ಅದರ ಮೇಲೆ ನಾಲ್ಕು ಸಿಕ್ಕರೆ ಯಾರಿಗೂ ನಷ್ಟವಿಲ್ಲ ಎಂಬುದು ಅವರ ವಾದ. ಅಣ್ಣನ ಲೆಕ್ಕಿಗರು ಬರೆದುಕೊಟ್ಟಿದ್ದ ದರ ಶೇ. 22. ಮೊದಲ ದರದಲ್ಲಿ ಇಡೀ ಕಂಪನಿಯ ಷೇರುಗಳ ಮೌಲ್ಯ 64 ಕೋಟಿ, ಎರಡನೆಯದರಲ್ಲಿ 20 ಕೋಟಿ. ಅಂದರೆ ತಮ್ಮನ ಪಾಲು 25.6 ಕೋಟಿಯೋ 8 ಕೋಟಿಯೋ ಎಂಬುದು ಆ ಒಂದು ದರದ ಮೇಲೆ ನಿಂತಿತ್ತು.

ಅಪಾಯಕ್ಕೆ ತಕ್ಕ ಪ್ರತಿಫಲ ಎಷ್ಟು ಎಂಬ ಪ್ರಶ್ನೆಗೆ ವಿಲಿಯಂ ಶಾರ್ಪ್ 1964ರಲ್ಲಿ, ಜಾನ್ ಲಿಂಟ್ನರ್ 1965ರಲ್ಲಿ ಪ್ರಕಟಿಸಿದ ಬಂಡವಾಳ ಆಸ್ತಿ ಬೆಲೆ ಮಾದರಿ, ಅಂದರೆ ನಾವು ದಿನವೂ ಸಿಎಪಿಎಂ ಎಂದು ಕರೆಯುವ ಮಾದರಿ, ಒಂದು ಸಾಲಿನಲ್ಲಿ ಉತ್ತರ ಕೊಡುತ್ತದೆ:

ನಿರೀಕ್ಷಿತ ಪ್ರತಿಫಲ = ಅಪಾಯರಹಿತ ದರ + ಬೀಟಾ × ಮಾರುಕಟ್ಟೆಯ ಅಪಾಯ ಪ್ರೀಮಿಯಂ

ಈ ಸಾಲಿನ ತಿರುಳಿರುವುದು ಬೀಟಾದಲ್ಲಿ. ಒಂದು ಷೇರು ಒಟ್ಟಾರೆ ಎಷ್ಟು ಏರಿಳಿಯುತ್ತದೆ ಎಂಬುದನ್ನು ಬೀಟಾ ಅಳೆಯುವುದಿಲ್ಲ. ಇಡೀ ಮಾರುಕಟ್ಟೆ ಏರಿಳಿದಾಗ ಅದರ ಜೊತೆಗೆ ಈ ಷೇರು ಎಷ್ಟು ಏರಿಳಿಯುತ್ತದೆ ಎಂಬುದನ್ನಷ್ಟೇ ಅಳೆಯುತ್ತದೆ. ಒಂದು ಕಾರ್ಖಾನೆಯ ಕುಲುಮೆ ಕೆಟ್ಟು ನಿಂತರೆ ಅದರ ಷೇರು ಬೀಳಬಹುದು, ಆದರೆ ನೂರು ಕಂಪನಿಗಳ ಷೇರು ಇಟ್ಟುಕೊಂಡವನಿಗೆ ಆ ನಷ್ಟ ಇನ್ನೊಂದು ಕಡೆಯ ಲಾಭದಲ್ಲಿ ಕರಗಿಹೋಗುತ್ತದೆ. ಹಣವನ್ನು ಹಂಚಿಟ್ಟು ತಪ್ಪಿಸಿಕೊಳ್ಳಬಹುದಾದ ಅಪಾಯಕ್ಕೆ ಮಾರುಕಟ್ಟೆ ಹೆಚ್ಚುವರಿ ಪ್ರತಿಫಲ ಕೊಡುವುದಿಲ್ಲ, ತಪ್ಪಿಸಿಕೊಳ್ಳಲಾಗದ ಅಪಾಯಕ್ಕೆ ಮಾತ್ರ ಕೊಡುತ್ತದೆ ಎಂಬುದು ಮಾದರಿಯ ಮಾತು. ಅಣ್ಣನಿಗೆ ಮೊದಲ ದಿನವೇ ಒಗ್ಗದೆ ಹೋದದ್ದು ಇದೇ ಮಾತು, ಮತ್ತು ಅವರ ಅಸಮಾಧಾನಕ್ಕೆ ಕಾರಣವಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ಮೂರು ಸಂಖ್ಯೆಗಳಲ್ಲಿ ಎರಡಕ್ಕೆ ಹೆಚ್ಚು ಚರ್ಚೆ ಬೇಕಾಗಲಿಲ್ಲ. ಅಪಾಯರಹಿತ ದರವೆಂದು ಹತ್ತು ವರ್ಷದ ಸರ್ಕಾರಿ ಸಾಲಪತ್ರದ ಅಂದಿನ ಇಳುವರಿ ಶೇ. 7.3ನ್ನು ತೆಗೆದುಕೊಂಡೆ. ಬ್ಯಾಂಕ್ ಠೇವಣಿಯ ದರವನ್ನು ಬಿಟ್ಟದ್ದು ಏಕೆಂದರೆ, ಎಂದೆಂದಿಗೂ ಬರುತ್ತಿರುವ ಹಣದ ಲೆಕ್ಕಕ್ಕೆ ಒಂದೆರಡು ವರ್ಷದ ಠೇವಣಿಯ ದರ ಹೊಂದುವುದಿಲ್ಲ. ಮಾರುಕಟ್ಟೆಯ ಪ್ರೀಮಿಯಂ, ಅಂದರೆ ಸರ್ಕಾರಿ ಸಾಲಪತ್ರ ಬಿಟ್ಟು ಷೇರುಗಳಲ್ಲಿ ಹಣ ಹಾಕುವವರು ಒಟ್ಟಾರೆ ಬಯಸುವ ಹೆಚ್ಚುವರಿ, ಶೇ. 7 ಎಂದು ಹಿಡಿದೆ. ಇದು ಯಾರೂ ಕಣ್ಣಾರೆ ಕಾಣಲಾಗದ ಸಂಖ್ಯೆ. 6 ಎನ್ನುವವರೂ 8 ಎನ್ನುವವರೂ ಇದ್ದಾರೆ. ಆದರೆ ಇಬ್ಬರು ಸಹೋದರರ ಲೆಕ್ಕಿಗರೂ ತಮ್ಮ ಹಿಂದಿನ ಕೆಲಸಗಳಲ್ಲಿ 7ನ್ನೇ ಬಳಸಿದ್ದರಿಂದ ಅದರ ಮೇಲೆ ವಾದ ಏಳಲಿಲ್ಲ. ವಾದವಿದ್ದದ್ದು ಬೀಟಾದ ಮೇಲೆ.

"ನಮ್ಮ ಫೌಂಡ್ರಿ ಷೇರು ಪ್ಯಾಟ್ಯಾಗ ಇಲ್ರಿ ಸಾಹೇಬ್ರ, ಇಲ್ಲದ್ದಕ್ಕ ಬೀಟಾ ಎಲ್ಲಿಂದ ತರ್ತೀರಿ?" ಎಂದು ಅಣ್ಣ ಕೇಳಿದರು. ಸರಿಯಾದ ಪ್ರಶ್ನೆ. ದಿನದ ಬೆಲೆಯೇ ಇಲ್ಲದ ಕಂಪನಿಗೆ ನೇರವಾಗಿ ಬೀಟಾ ಅಳೆಯಲು ಬರುವುದಿಲ್ಲ. ಅದೇ ಕೆಲಸ ಮಾಡುವ, ಪೇಟೆಯಲ್ಲಿ ವಹಿವಾಟಾಗುವ ಕಂಪನಿಗಳಿಂದ ಎರವಲು ತರಬೇಕು, ಹಾಗೆ ತರುವಾಗ ಅವುಗಳ ಸಾಲದ ಬಣ್ಣವನ್ನು ತೊಳೆದು ತರಬೇಕು.

ಎರವಲು ತಂದ ಬೀಟಾ

ಎರಕದ ಕೆಲಸವೇ ಮುಖ್ಯ ಆದಾಯವಾಗಿರುವ, ಷೇರುಪೇಟೆಯಲ್ಲಿರುವ ನಾಲ್ಕು ಕಂಪನಿಗಳನ್ನು ಆರಿಸಿಕೊಂಡೆ. ಆರಿಸುವಾಗ ನೋಡಿದ್ದು ಗಾತ್ರವನ್ನಲ್ಲ, ಆದಾಯ ಏರಿಳಿಯುವ ರೀತಿಯನ್ನು. ಟ್ರ್ಯಾಕ್ಟರು, ಪಂಪು, ಲಾರಿಗಳ ಬೇಡಿಕೆ ಕುಗ್ಗಿದಾಗ ಎರಕದವನ ಆರ್ಡರು ಮೊದಲು ಕುಗ್ಗುತ್ತದೆ, ಆದರೆ ವಿದ್ಯುತ್ತಿನ ಡಿಮ್ಯಾಂಡ್ ಶುಲ್ಕ, ಕಾಯಂ ಕೆಲಸಗಾರರ ಸಂಬಳ, ಕುಲುಮೆಯ ನಿರ್ವಹಣೆ ಕುಗ್ಗುವುದಿಲ್ಲ. ಮಾರಾಟ ಶೇ. 10 ಇಳಿದರೆ ಲಾಭ ಅದಕ್ಕಿಂತ ಎಷ್ಟೋ ಹೆಚ್ಚು ಇಳಿಯುವುದು ಈ ಉದ್ಯೋಗದ ಗುಣ, ಮತ್ತು ದೇಶದ ಆರ್ಥಿಕತೆಯೊಂದಿಗೆ ಅದರ ಷೇರು ಜೋರಾಗಿ ಅಲುಗಾಡುವುದಕ್ಕೆ ಇದೇ ಕಾರಣ. ಈ ಗುಣವನ್ನು ಹಂಚಿಕೊಳ್ಳದ, ಎರಕದ ಜೊತೆಗೆ ಬೇರೆ ದೊಡ್ಡ ವ್ಯಾಪಾರವಿದ್ದ ಎರಡು ಕಂಪನಿಗಳನ್ನು ಹೆಸರು ದೊಡ್ಡದಿದ್ದರೂ ಕೈಬಿಟ್ಟೆ.

2018ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗಿನ ಅರವತ್ತು ತಿಂಗಳುಗಳ ಪ್ರತಿಫಲವನ್ನು ಒಂದು ಅಂಕಣದಲ್ಲಿ ನಿಫ್ಟಿ 50ಕ್ಕೆ, ಇನ್ನೊಂದರಲ್ಲಿ ಕಂಪನಿಗೆ ಬರೆದು, ಎಕ್ಸೆಲ್‌ನಲ್ಲಿ ಒಂದು ಸೂತ್ರ ಹಾಕಿದರೆ ಬೀಟಾ ಬರುತ್ತದೆ:

```
=SLOPE(C2:C61, B2:B61)
```

ಇದರಲ್ಲಿ C ಕಂಪನಿಯ ಅಂಕಣ, B ನಿಫ್ಟಿಯದು. ಅರವತ್ತು ಚುಕ್ಕೆಗಳ ನಡುವೆ ಎಳೆದ ಗೆರೆಯ ಓರೆಯೇ ಬೀಟಾ. ಅಂಕಣಗಳನ್ನು ತಿರುವುಮುರುವು ಮಾಡಿದರೂ ಒಂದು ಸಂಖ್ಯೆ ಬಂದೇ ಬರುತ್ತದೆ, ಅದೂ ನಂಬಬಹುದಾದಂತೆಯೇ ಕಾಣುತ್ತದೆ. ಆದ್ದರಿಂದ ಮಾರುಕಟ್ಟೆಯ ಅಂಕಣ ಎರಡನೆಯದಾಗಿ ಬಂದಿದೆಯೇ ಎಂದು ಪ್ರತಿ ಸಲ ನೋಡುವ ಅಭ್ಯಾಸ ನನ್ನದು.

ಸಂಖ್ಯೆ ಬಂದ ಮೇಲೆ ಚುಕ್ಕೆಗಳ ಚಿತ್ರವನ್ನು ಕಣ್ಣಿನಿಂದ ನೋಡಲೇಬೇಕು. ಮೊದಲ ಕಂಪನಿಯ ಬೀಟಾ 1.30 ಬಂದಿತ್ತು. ಚಿತ್ರದಲ್ಲಿ ಐವತ್ತೆಂಟು ಚುಕ್ಕೆಗಳು ನಡುವೆ ಗುಂಪಾಗಿದ್ದವು, ಒಂದು ಕೆಳಗಿನ ಎಡಮೂಲೆಯಲ್ಲಿ, ಒಂದು ಮೇಲಿನ ಬಲಮೂಲೆಯಲ್ಲಿ ಒಂಟಿಯಾಗಿದ್ದವು. ಎಡಮೂಲೆಯದು 2020ರ ಮಾರ್ಚ್: ಕೊರೊನಾದ ಭಯದಲ್ಲಿ ನಿಫ್ಟಿ ಒಂದೇ ತಿಂಗಳಲ್ಲಿ ಸುಮಾರು ಶೇ. 23 ಕುಸಿದಿತ್ತು. ಬಲಮೂಲೆಯದು ಅದರ ಮರುತಿಂಗಳು, ಸುಮಾರು ಶೇ. 15 ಏರಿದ್ದು. ಆ ಎರಡು ತಿಂಗಳನ್ನು ಅಳಿಸಿ ಲೆಕ್ಕ ಹಾಕಿದರೆ ಬೀಟಾ 1.08ಕ್ಕೆ ಇಳಿಯಿತು. ತಮ್ಮನ ಲೆಕ್ಕಿಗರು ಅವನ್ನು ಅಳಿಸಲೇಬೇಕು, ಅಂಥ ತಿಂಗಳು ಮತ್ತೆ ಬರುವುದಿಲ್ಲ ಎಂದರು. ನಾನು ಒಪ್ಪಲಿಲ್ಲ. ಇಡೀ ಮಾರುಕಟ್ಟೆ ಬಿದ್ದಾಗ ಈ ಷೇರು ಎಷ್ಟು ಬೀಳುತ್ತದೆ ಎಂಬುದೇ ಬೀಟಾ ಕೇಳುವ ಪ್ರಶ್ನೆಯಾಗಿರುವಾಗ, ಮಾರುಕಟ್ಟೆ ನಿಜವಾಗಿ ಬಿದ್ದ ತಿಂಗಳನ್ನು ಅಳಿಸುವುದು ಸಾಕ್ಷಿಯ ಬಾಯಿ ಮುಚ್ಚಿಸಿದಂತೆ. ಆದರೆ ಎರಡು ತಿಂಗಳುಗಳ ಮೇಲೆ ಫಲಿತಾಂಶ ಇಷ್ಟು ಒರಗಿಕೊಂಡಿದೆ ಎಂಬುದನ್ನು ವರದಿಯಲ್ಲಿ ಎರಡೂ ಸಂಖ್ಯೆ ಕೊಟ್ಟು ಬರೆದೆ. ಉಳಿದ ಮೂರು ಕಂಪನಿಗಳಲ್ಲಿ ಆ ತಿಂಗಳುಗಳಿಂದ ಆದ ವ್ಯತ್ಯಾಸ ಅಲ್ಪ.

ನಾಲ್ಕನೆಯ ಕಂಪನಿಯಲ್ಲಿ ಬೇರೆ ತೊಡಕಿತ್ತು. ದಿನದ ಬೆಲೆಗಳಿಂದ ಲೆಕ್ಕ ಹಾಕಿದಾಗ ಅದರ ಬೀಟಾ 0.61 ಬಂತು, ತಿಂಗಳ ಬೆಲೆಗಳಿಂದ 1.18. ಒಂದೇ ಷೇರು, ಒಂದೇ ಐದು ವರ್ಷ. ವಹಿವಾಟಿನ ಪಟ್ಟಿ ತೆಗೆದು ನೋಡಿದರೆ ಕಾರಣ ಸಿಕ್ಕಿತು: ಎಷ್ಟೋ ದಿನ ಅದರ ಬೆರಳೆಣಿಕೆಯ ಷೇರುಗಳಷ್ಟೇ ಕೈ ಬದಲಾಗುತ್ತಿದ್ದವು. ಸೋಮವಾರ ಮಾರುಕಟ್ಟೆ ಬಿದ್ದರೆ ಈ ಷೇರಿನ ಬೆಲೆ ಬುಧವಾರವೋ ಗುರುವಾರವೋ ಅದನ್ನು ಹಿಂಬಾಲಿಸುತ್ತಿತ್ತು. ದಿನಕ್ಕೆ ದಿನ ಜೋಡಿಸಿದಾಗ ಎರಡಕ್ಕೂ ಸಂಬಂಧವೇ ಇಲ್ಲವೆಂಬಂತೆ ಕಾಣುತ್ತದೆ, ತಿಂಗಳಿಗೆ ತಿಂಗಳು ಜೋಡಿಸಿದಾಗ ಆ ವಿಳಂಬ ಒಳಗೇ ಮುಚ್ಚಿಹೋಗುತ್ತದೆ. ಸಣ್ಣ ಷೇರುಗಳ ಬೀಟಾ 0.5, 0.6 ಎಂದು ಕಂಡಾಗ ಅದು ಸುರಕ್ಷಿತ ಷೇರು ಎಂದು ತೀರ್ಮಾನಿಸುವ ಮೊದಲು ದಿನದ ಮತ್ತು ತಿಂಗಳ ಬೀಟಾಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಅವು ದೂರವಿದ್ದರೆ ಕಂಡದ್ದು ಸುರಕ್ಷತೆಯಲ್ಲ, ವಹಿವಾಟಿನ ಬರ.

ಇಷ್ಟು ಎಚ್ಚರ ವಹಿಸಿದ ಮೇಲೂ ಒಂದು ಕಂಪನಿಯ ಬೀಟಾ ಎಷ್ಟು ಸಡಿಲವೆಂದು ಇಬ್ಬರು ಸಹೋದರರಿಗೂ ತೋರಿಸಬೇಕೆನಿಸಿತು. ಮೊದಲ ಕಂಪನಿಯ ಏರಿಳಿತದಲ್ಲಿ ಮಾರುಕಟ್ಟೆಯಿಂದ ಬಂದದ್ದು ಶೇ. 30 ಮಾತ್ರ, ಉಳಿದದ್ದು ಅದರ ಸ್ವಂತದ್ದು. ಅರವತ್ತು ತಿಂಗಳ ಮಾಹಿತಿಯಿಂದ ಬಂದ ಅಂಥ ಬೀಟಾದ ಪ್ರಮಾಣಿತ ದೋಷ, ಅಂದರೆ ಅಂದಾಜು ಸಾಮಾನ್ಯವಾಗಿ ಎಷ್ಟು ತಪ್ಪಿರಬಹುದು ಎಂಬುದರ ಅಳತೆ, ಸುಮಾರು 0.26 ಆಗುತ್ತದೆ. ಎರಡು ದೋಷದಷ್ಟು ಆಚೆ ಈಚೆ ಹೋದರೆ ನಿಜವಾದ ಬೀಟಾ 0.78ರಿಂದ 1.82ರ ನಡುವೆ ಎಲ್ಲಾದರೂ ಇರಬಹುದು, ಪ್ರತಿಫಲದ ದರ ಶೇ. 12.8ರಿಂದ 20ರವರೆಗೆ ಎಲ್ಲಾದರೂ ಇರಬಹುದು. ಒಂದೇ ಕಂಪನಿಯನ್ನು ನೆಚ್ಚಿಕೊಂಡರೆ ಅಣ್ಣತಮ್ಮಂದಿರ ಜಗಳದ ಬಹುಪಾಲು ಆ ಒಂದು ಅಂದಾಜಿನೊಳಗೇ ಹಿಡಿಸುತ್ತದೆ. ನಾಲ್ಕು ಕಂಪನಿಗಳನ್ನು ಒಟ್ಟಿಗೆ ನೋಡುವುದು ಇದಕ್ಕಾಗಿಯೇ: ಒಂದರ ತಪ್ಪು ಮೇಲಕ್ಕಿದ್ದರೆ ಇನ್ನೊಂದರದ್ದು ಕೆಳಕ್ಕಿರಬಹುದು, ಮಧ್ಯದ ಸಂಖ್ಯೆ ಯಾವ ಒಂದಕ್ಕಿಂತಲೂ ಗಟ್ಟಿಯಾಗಿರುತ್ತದೆ.

ಸಾಲವನ್ನು ತೆಗೆದು, ಮತ್ತೆ ಹಾಕುವುದು

ನಾಲ್ಕು ಕಂಪನಿಗಳ ಬೀಟಾಗಳನ್ನು ಹಾಗೆಯೇ ಸೇರಿಸಿ ಸರಾಸರಿ ತೆಗೆಯಲು ಬರುವುದಿಲ್ಲ, ಏಕೆಂದರೆ ಅವುಗಳ ಸಾಲ ಬೇರೆ ಬೇರೆ. ಬಡ್ಡಿಯನ್ನು ಲಾಭವಿರಲಿ ಇಲ್ಲದಿರಲಿ ಕಟ್ಟಬೇಕಾದ್ದರಿಂದ, ಸಾಲ ಹೆಚ್ಚಿದ್ದಷ್ಟೂ ಷೇರುದಾರನ ಪಾಲಿಗೆ ಉಳಿಯುವ ಹಣ ಹೆಚ್ಚು ಅಲುಗಾಡುತ್ತದೆ. ರಾಬರ್ಟ್ ಹಮಾದ 1972ರಲ್ಲಿ ತೋರಿಸಿದ ದಾರಿಯಲ್ಲಿ ಷೇರಿನ ಬೀಟಾವನ್ನು ಹೀಗೆ ಬಿಡಿಸಬಹುದು:

ಸಾಲರಹಿತ ಬೀಟಾ = ಷೇರಿನ ಬೀಟಾ ÷ (1 + (1 − ತೆರಿಗೆ ದರ) × ಸಾಲ/ಷೇರು ಅನುಪಾತ)

ತೆರಿಗೆ ದರ ಶೇ. 25.17, ಆಗಿನ ಆದಾಯ ತೆರಿಗೆ ಕಾಯ್ದೆಯ 115ಬಿಎಎ ಕಲಮಿನ ಶೇ. 22ಕ್ಕೆ ಸರ್ಚಾರ್ಜ್, ಸೆಸ್ ಸೇರಿದರೆ ಇಷ್ಟಾಗುತ್ತಿತ್ತು. ಮೊದಲ ಕಂಪನಿಯ ಬೀಟಾ 1.30, ಷೇರಿನ ಪ್ರತಿ ರೂಪಾಯಿಗೆ 60 ಪೈಸೆ ಸಾಲ. ಸಾಲ ತೆಗೆದರೆ 0.90. ಎರಡನೆಯದು 1.12, ಸಾಲ 25 ಪೈಸೆ, ಉಳಿದದ್ದು 0.94. ಮೂರನೆಯದು 1.05, ಸಾಲ 10 ಪೈಸೆ, ಉಳಿದದ್ದು 0.98. ನಾಲ್ಕನೆಯದು 1.18, ಸಾಲ 45 ಪೈಸೆ, ಉಳಿದದ್ದು 0.88. ಸಾಲವಿದ್ದಾಗ 1.05ರಿಂದ 1.30ರವರೆಗೆ ಹರಡಿದ್ದ ಸಂಖ್ಯೆಗಳು ಸಾಲ ತೊಳೆದ ಮೇಲೆ 0.88ರಿಂದ 0.98ರ ನಡುವೆ ಒತ್ತಾಗಿ ಕೂತದ್ದನ್ನು ಗಮನಿಸಬೇಕು. ಒಂದೇ ಬಗೆಯ ಕೆಲಸ ಮಾಡುವವರಿಗೆ ಒಂದೇ ಬಗೆಯ ಅಪಾಯವಿರಬೇಕು ಎಂಬ ನಿರೀಕ್ಷೆಗೆ ಇದು ಹೊಂದುತ್ತದೆ. ಬಿಡಿಸಿದ ಮೇಲೂ ಅವು ಚದುರಿಯೇ ಇದ್ದಿದ್ದರೆ ಕಂಪನಿಗಳ ಆಯ್ಕೆಯನ್ನೇ ನಾನು ಅನುಮಾನಿಸುತ್ತಿದ್ದೆ. ಮಧ್ಯದ ಸಂಖ್ಯೆಯಾಗಿ 0.92ನ್ನು ಹಿಡಿದೆ.

ಈಗ ಇದಕ್ಕೆ ನಮ್ಮ ಫೌಂಡ್ರಿಯ ಸಾಲವನ್ನು ಹಾಕಬೇಕು. ಅಣ್ಣನ ಲೆಕ್ಕಿಗರು ದಾರಿ ತಪ್ಪಿದ್ದು ಇಲ್ಲಿಯೇ. ಕಂಪನಿಯ ಸಾಲ 14 ಕೋಟಿ, ಬ್ಯಾಲೆನ್ಸ್ ಶೀಟಿನಲ್ಲಿ ಷೇರು ಬಂಡವಾಳ ಮತ್ತು ಮೀಸಲು ಸೇರಿ 9 ಕೋಟಿ. ಅವರು 14ನ್ನು 9ರಿಂದ ಭಾಗಿಸಿ 1.56 ಎಂಬ ಅನುಪಾತ ತೆಗೆದಿದ್ದರು. ಅದನ್ನು ಹಾಕಿದರೆ ಬೀಟಾ 1.99, ದರ ಶೇ. 21.2. ಅದಕ್ಕೆ ಇರಲಿ ಎಂದು ಮೇಲಿಷ್ಟು ಸೇರಿಸಿ 22 ಮಾಡಿದ್ದರು. ಆದರೆ ಆ 9 ಕೋಟಿ ಎಂಬುದು ಇಪ್ಪತ್ತೈದು ವರ್ಷಗಳಲ್ಲಿ ಹಾಕಿದ ಹಣದಿಂದ ಸವಕಳಿ ಕಳೆದು ಉಳಿದ ಲೆಕ್ಕದ ಮೊತ್ತ. ಷೇರುಗಳ ಇಂದಿನ ಮೌಲ್ಯವಲ್ಲ. ನಾಲ್ಕು ಕಂಪನಿಗಳ ಸಾಲವನ್ನು ತೆಗೆಯುವಾಗ ಅವುಗಳ ಪೇಟೆಯ ಬೆಲೆಯನ್ನು ಬಳಸಿ, ನಮ್ಮದಕ್ಕೆ ಹಾಕುವಾಗ ಪುಸ್ತಕದ ಬೆಲೆಯನ್ನು ಬಳಸಿದರೆ ಒಂದು ಅಳತೆಯಲ್ಲಿ ಅಳೆದು ತಂದು ಇನ್ನೊಂದು ಅಳತೆಯಲ್ಲಿ ಸುರಿದಂತೆ.

ಷೇರುಗಳ ಇಂದಿನ ಮೌಲ್ಯ ಗೊತ್ತಿಲ್ಲವಲ್ಲ, ಅದನ್ನು ಕಂಡುಹಿಡಿಯಲೆಂದೇ ಈ ಲೆಕ್ಕ ಮಾಡುತ್ತಿದ್ದೇವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉಪಾಯವೆಂದರೆ ಒಂದು ಅನುಪಾತವನ್ನು ಊಹಿಸಿ ಮೌಲ್ಯ ತೆಗೆಯುವುದು, ಆ ಮೌಲ್ಯದಿಂದ ಮತ್ತೆ ಅನುಪಾತ ತೆಗೆಯುವುದು, ಎರಡೂ ಕೂಡಿಬರುವವರೆಗೆ ಸುತ್ತುವುದು. 0.50 ಎಂಬ ಅನುಪಾತದಲ್ಲಿ ಅದು ನೆಲೆ ನಿಂತಿತು. ಬೀಟಾ 0.92 × (1 + 0.7483 × 0.50), ಅಂದರೆ 1.26. ದರ 7.3 + 1.26 × 7, ಅಂದರೆ ಶೇ. 16.1. 3.2 ಕೋಟಿಗೆ ಮುಂದೆ ಹೇಳಲಿರುವ ಒಂದು ತಿದ್ದುಪಡಿ ಮಾಡಿದ ಮೇಲೆ ಕೊನೆಗೆ ಬಂದ ಮೌಲ್ಯ 28.7 ಕೋಟಿ, 14ನ್ನು ಅದರಿಂದ ಭಾಗಿಸಿದರೆ 0.49. ಊಹಿಸಿದ್ದಕ್ಕೂ ಬಂದದ್ದಕ್ಕೂ ತಾಳೆಯಾಯಿತು. ತಮ್ಮನ ಶೇ. 11ನ್ನು ಇದೇ ತಕ್ಕಡಿಯಲ್ಲಿಟ್ಟರೆ ಅದು 0.53ರ ಬೀಟಾ ಕೇಳುತ್ತದೆ, ಸಾಲ ತೆಗೆದರೆ 0.39. ಎರಕದ ಕೆಲಸ ಮಾಡುವ ಯಾವ ಕಂಪನಿಯೂ ಅದರ ಹತ್ತಿರ ಸುಳಿಯಲಿಲ್ಲ.

ದೊಡ್ಡ ಗಿರಾಕಿ ಬಿಟ್ಟು ಹೋದರೆ

ಶೇ. 16.1 ಎಂದು ಕೇಳಿದ ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, ಗೋಡೆಯ ಮೇಲಿನ ಡಿಸ್ಪ್ಯಾಚ್ ಬೋರ್ಡಿನತ್ತ ಕೈ ತೋರಿಸಿದರು. ಅದರ ಮೇಲೆ ಆ ವಾರ ಹೋಗಬೇಕಾದ ಮಾಲಿನ ಪಟ್ಟಿಯಿತ್ತು. ಹನ್ನೊಂದು ಸಾಲುಗಳಲ್ಲಿ ಐದು ಒಂದೇ ಪಂಪ್ ಕಂಪನಿಯವು. "ಇವ್ರು ನಾಳೆ ಬ್ಯಾರೆ ಕಡೆ ಹೋದ್ರ ನಿಮ್ಮ ಬೀಟಾ ಏನ್ ಮಾಡ್ತೈತ್ರಿ?" ಎಂದರು. ಕಂಪನಿಯ ಉತ್ಪಾದನೆಯ ಶೇ. 45 ಆ ಒಬ್ಬ ಗಿರಾಕಿಗೆ ಹೋಗುತ್ತಿತ್ತು. ಭಯ ನಿಜವಾದದ್ದು, ಅಳೆಯಬೇಕಾದದ್ದು. ಆದರೆ ಅದರ ಜಾಗ ಬೀಟಾ ಅಲ್ಲ. ದೇಶದಲ್ಲೆಲ್ಲ ಪಂಪಿನ ಬೇಡಿಕೆ ಕುಸಿದು ಆರ್ಡರು ನಿಂತರೆ ಅದು ಉಳಿದ ಎರಕದ ಕಂಪನಿಗಳಿಗೂ ತಟ್ಟುತ್ತದೆ, ಆದ್ದರಿಂದ ಅವುಗಳ ಬೀಟಾದಲ್ಲಿ ಆಗಲೇ ಸೇರಿದೆ. ಈ ಒಬ್ಬ ಗಿರಾಕಿ ಈ ಒಂದು ಫೌಂಡ್ರಿಯನ್ನು ಬಿಟ್ಟು ಪಕ್ಕದ ಫೌಂಡ್ರಿಗೆ ಹೋಗುವುದು ಮಾರುಕಟ್ಟೆಯ ಏರಿಳಿತಕ್ಕೆ ಸಂಬಂಧಿಸಿದ್ದಲ್ಲ. ಅದು ಸೇರಬೇಕಾದದ್ದು ಬರಲಿರುವ ಹಣದ ಅಂದಾಜಿನಲ್ಲಿ.

3.2 ಕೋಟಿ ಎಂದು ಇಬ್ಬರೂ ಒಪ್ಪಿದ್ದ ಹಣ ಎಲ್ಲವೂ ಸರಿಯಾಗಿ ನಡೆದರೆ ಬರುವ ಹಣವೇ ಹೊರತು, ನಿರೀಕ್ಷಿತ ಸರಾಸರಿಯಲ್ಲ. ಸಿಎಪಿಎಂ ಕೊಡುವುದು ನಿರೀಕ್ಷಿತ ಪ್ರತಿಫಲದ ದರ. ಅದರ ಜೊತೆಗೆ ಇಡಬೇಕಾದದ್ದೂ ನಿರೀಕ್ಷಿತ ಹಣವೇ. ಗಿರಾಕಿ ಹೋದರೆ ಎಷ್ಟು ಉಳಿಯುತ್ತದೆ ಎಂದು ಕೂತು ಲೆಕ್ಕ ಹಾಕಿದಾಗ 1.7 ಕೋಟಿ ಎಂದಾಯಿತು. ಹೋಗುವ ಸಾಧ್ಯತೆ ಎಷ್ಟು ಎಂದರೆ ಅಣ್ಣ ಮೊದಲು ಅರ್ಧಕ್ಕರ್ಧ ಎಂದರು. ಹಳೆಯ ರಿಜಿಸ್ಟರುಗಳನ್ನು ತೆಗೆಸಿದೆ. ಹದಿನೈದು ವರ್ಷಗಳಲ್ಲಿ ಅಷ್ಟು ದೊಡ್ಡ ಗಿರಾಕಿಗಳು ಐದು ಜನ, ಬಿಟ್ಟು ಹೋದವರು ಒಬ್ಬರು. ಐದೇ ಜನರ ಮೇಲೆ ಕಟ್ಟಿದ ಅಂದಾಜು ದುರ್ಬಲವೇ, ಆದರೂ ಬರಿಯ ಭಯಕ್ಕಿಂತ ಅದಕ್ಕೆ ಹೆಚ್ಚು ತೂಕವಿದೆ. ಐದರಲ್ಲಿ ಒಂದು ಎಂದು ಹಿಡಿದರೆ ನಿರೀಕ್ಷಿತ ಹಣ 2.9 ಕೋಟಿ. ಅದನ್ನು ಶೇ. 16.1ರಿಂದ 6 ಕಳೆದು ಭಾಗಿಸಿದರೆ 28.7 ಕೋಟಿ. ಗಿರಾಕಿಯ ಭಯವನ್ನು ಲೆಕ್ಕಿಸದಿದ್ದರೆ 31.7 ಕೋಟಿ ಬರುತ್ತಿತ್ತು. ಆ ಭಯದ ಬೆಲೆ 3 ಕೋಟಿ.

ಇದೇ 28.7 ಕೋಟಿಯನ್ನು ಹಣ ತಗ್ಗಿಸದೆ ದರ ಏರಿಸಿಯೇ ತಲುಪಬೇಕಾದರೆ ದರ ಸುಮಾರು ಶೇ. 17.1 ಆಗಬೇಕು. ಅಂದರೆ ದೊಡ್ಡ ಗಿರಾಕಿಯ ಅಪಾಯ ದರದ ಮೇಲೆ ಒಂದೇ ಒಂದು ಅಂಶದಷ್ಟು. ಮೌಲ್ಯಮಾಪನ ವರದಿಗಳಲ್ಲಿ "ಕಂಪನಿಯ ವಿಶೇಷ ಅಪಾಯಕ್ಕೆ" ಎಂದು ಬರೆದು ಮೂರು, ನಾಲ್ಕು, ಆರು ಅಂಶಗಳನ್ನು ಒಂದೇ ಗೆರೆಯಲ್ಲಿ ಸೇರಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಅದು ನನಗೆ ನೋವು ಕೊಡುತ್ತದೆ, ಏಕೆಂದರೆ ಆ ಗೆರೆಯಲ್ಲಿ ಒಬ್ಬರ ಪಾಲು ಸದ್ದಿಲ್ಲದೆ ಕರಗುತ್ತದೆ. ಶೇ. 22ನ್ನು ಸಮರ್ಥಿಸಲು ಗಿರಾಕಿಯ ಭಯ ಒಂದನ್ನೇ ನೆಚ್ಚಿದರೆ ಏನಾಗುತ್ತದೆಂದು ತೋರಿಸಿದೆ: 20 ಕೋಟಿ ಮೌಲ್ಯ ಬರಬೇಕಾದರೆ ಶೇ. 16.1ರ ದರದಲ್ಲಿ ನಿರೀಕ್ಷಿತ ಹಣ 2.02 ಕೋಟಿಗೆ ಇಳಿಯಬೇಕು, ಅದಕ್ಕೆ ಗಿರಾಕಿ ಬಿಟ್ಟು ಹೋಗುವ ಸಾಧ್ಯತೆ ಶೇ. 79 ಇರಬೇಕು. ಐದರಲ್ಲಿ ನಾಲ್ಕು ಪಾಲು ಹೋಗಿಯೇ ಬಿಡುತ್ತಾರೆ ಎಂದು ನಿಮಗನಿಸುತ್ತದೆಯೇ ಎಂದು ಕೇಳಿದೆ. ಹಾಗನಿಸಿದ್ದರೆ ಕಳೆದ ವರ್ಷ ಅವರಿಗಾಗಿ ಹೊಸ ಮೋಲ್ಡಿಂಗ್ ಲೈನ್ ಹಾಕಿಸುತ್ತಿರಲಿಲ್ಲ ಎಂದು ಅಣ್ಣನೇ ಒಪ್ಪಿಕೊಂಡರು.

ಯಾರ ಕಣ್ಣಿನಲ್ಲಿ ಅಪಾಯ

ಆದರೂ ಅಣ್ಣನ ಶೇ. 22 ಬರಿಯ ಚೌಕಾಸಿಯಾಗಿರಲಿಲ್ಲ ಎಂಬುದು ನನ್ನ ನಂಬಿಕೆ. ಅವರ ಆಸ್ತಿಯೆಲ್ಲ ಈ ಫೌಂಡ್ರಿಯಲ್ಲೇ ಇತ್ತು. ವಾಸದ ಮನೆ ಬ್ಯಾಂಕಿಗೆ ಅಡವಾಗಿತ್ತು. ಸಾಲಕ್ಕೆ ಅವರ ಸ್ವಂತ ಜಾಮೀನಿತ್ತು. ನೂರು ಷೇರುಗಳಲ್ಲಿ ಹಣ ಹಂಚಿಟ್ಟವನಿಗೆ ಕುಲುಮೆ ಕೆಟ್ಟರೂ ಗಿರಾಕಿ ಹೋದರೂ ಕರಗಿಹೋಗುವ ಅಪಾಯ, ಇವರಿಗೆ ಕರಗುವುದಿಲ್ಲ. ಹಾಗೆ ಎಲ್ಲವನ್ನೂ ಒಂದೇ ಕಡೆ ಇಟ್ಟವನು ತಾನು ಹೊರುವ ಇಡೀ ಏರಿಳಿತಕ್ಕೆ ಪ್ರತಿಫಲ ಬಯಸಿದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಬಹುದು: ಬೀಟಾವನ್ನು ಮಾರುಕಟ್ಟೆಯೊಂದಿಗಿನ ಸಹಸಂಬಂಧದಿಂದ ಭಾಗಿಸಬೇಕು. ಮೊದಲ ಕಂಪನಿಯಲ್ಲಿ ಕಂಡಂತೆ ಏರಿಳಿತದ ಶೇ. 30 ಮಾರುಕಟ್ಟೆಯಿಂದ ಬಂದದ್ದು ಎಂದರೆ ಸಹಸಂಬಂಧ ಅದರ ವರ್ಗಮೂಲ, ಸುಮಾರು 0.55, 1.26ನ್ನು ಅದರಿಂದ ಭಾಗಿಸಿದರೆ 2.3, ದರ ಶೇ. 23ರ ಆಸುಪಾಸು. ಅವರ ಲೆಕ್ಕಿಗರು ತಪ್ಪು ದಾರಿಯಲ್ಲಿ ಹೋಗಿ ತಲುಪಿದ ಸಂಖ್ಯೆ, ಅವರ ಹೊಟ್ಟೆಯೊಳಗಿನ ಆತಂಕ ಹೇಳುತ್ತಿದ್ದ ಸಂಖ್ಯೆಗೆ ಹತ್ತಿರವಿತ್ತು.

ಹಾಗಾದರೆ ಯಾವುದು ಸರಿ? ಮಾದರಿ ಇದಕ್ಕೆ ಉತ್ತರಿಸುವುದಿಲ್ಲ, ಒಪ್ಪಂದವನ್ನು ಓದಬೇಕು. ಸಹೋದರರು ಸಹಿ ಹಾಕಿದ್ದ ಕಾಗದದಲ್ಲಿ ಷೇರುಗಳ "ನ್ಯಾಯಯುತ ಮೌಲ್ಯ" ಎಂದಿತ್ತು, ಹೊರಗಿನವರಿಗೆ ಮಾರಿದರೆ ಸಿಗಬಹುದಾದ ಬೆಲೆಯನ್ನು ಅಳತೆಗೋಲಾಗಿ ಹಿಡಿಯಬೇಕೆಂದಿತ್ತು. ಹೊರಗಿನಿಂದ ಬಂದು ಇಂಥ ಫೌಂಡ್ರಿಯನ್ನು ಕೊಳ್ಳುವವರು ಹೆಚ್ಚಾಗಿ ಹಲವು ಘಟಕಗಳಿರುವ ದೊಡ್ಡ ಕಂಪನಿಗಳು; ಅವುಗಳ ಷೇರುದಾರರ ಹಣ ಹಂಚಿರುತ್ತದೆ. ಅಂಥ ಕೊಳ್ಳುವವರು ಶೇ. 22ರ ಬೆಲೆಗೆ ಸಿಕ್ಕರೆ ಸಂತೋಷದಿಂದ ಕೊಂಡು, ಮರುದಿನ ಶೇ. 16ರ ಮೌಲ್ಯವನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಆದ್ದರಿಂದ ಸಿಎಪಿಎಂನ ದರವನ್ನೇ ಉಳಿಸಿಕೊಂಡೆ. ಅಣ್ಣನ ಆತಂಕ ಅವರ ಆಸ್ತಿ ಹಂಚಿಲ್ಲದ್ದರಿಂದ ಬಂದದ್ದು, ಅದರ ವೆಚ್ಚವನ್ನು ತಮ್ಮನ ಪಾಲಿನಿಂದ ಕಳೆಯಲು ಒಪ್ಪಂದದಲ್ಲಿ ಆಧಾರವಿರಲಿಲ್ಲ. ಕಾಗದದಲ್ಲಿ "ಮುಂದುವರಿಸುವ ಮಾಲೀಕನಿಗೆ ಇರುವ ಮೌಲ್ಯ" ಎಂದಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು.

ತಮ್ಮನ ಲೆಕ್ಕಿಗರು ಇನ್ನೊಂದು ಕಡೆಯಿಂದ ಮಾದರಿಯನ್ನೇ ಪ್ರಶ್ನಿಸಿದರು: ಯೂಜೀನ್ ಫಾಮಾ ಮತ್ತು ಕೆನೆತ್ ಫ್ರೆಂಚ್ 1992ರಲ್ಲಿ ಅಮೆರಿಕದ ಷೇರುಗಳ ಮೇಲೆ ತೋರಿಸಿದಂತೆ ಬೀಟಾ ಹೆಚ್ಚಿದ ಷೇರುಗಳು ಅದಕ್ಕೆ ತಕ್ಕ ಹೆಚ್ಚಿನ ಪ್ರತಿಫಲ ಕೊಟ್ಟೇ ಇಲ್ಲವಲ್ಲ ಎಂದು. ಆ ಆಕ್ಷೇಪ ಗಂಭೀರವಾದದ್ದು. ಬೀಟಾ ಮತ್ತು ಪ್ರತಿಫಲದ ಗೆರೆ ಮಾದರಿ ಹೇಳುವುದಕ್ಕಿಂತ ಚಪ್ಪಟೆಯಾಗಿದೆ ಎಂಬುದು 1970ರ ದಶಕದಿಂದಲೂ ಗೊತ್ತಿರುವ ಸಂಗತಿ. ಗೆರೆ ಚಪ್ಪಟೆಯಾದಾಗ ಹೆಚ್ಚು ತಪ್ಪುವುದು ಬೀಟಾ 0.4 ಅಥವಾ 2 ಇರುವ ಕಂಪನಿಗಳ ಲೆಕ್ಕ. 1ರಿಂದ ಬಹಳ ದೂರವಿಲ್ಲದ 1.26ಕ್ಕೆ ಅದರಿಂದ ಆಗುವ ವ್ಯತ್ಯಾಸ ಕಡಿಮೆ. ಆ ವ್ಯತ್ಯಾಸವನ್ನೂ ಅಳತೆಯ ದೋಷವನ್ನೂ ಸೇರಿಸಿ ಬೀಟಾವನ್ನು 1.11ರಿಂದ 1.41ರವರೆಗೆ ಆಡಲು ಬಿಟ್ಟರೆ ಕಂಪನಿಯ ಮೌಲ್ಯ 32 ಕೋಟಿಯಿಂದ 26 ಕೋಟಿಯವರೆಗೆ ಹೋಗುತ್ತದೆ. ವರದಿಯಲ್ಲಿ ಈ ಹರವನ್ನೇ ಮೊದಲು ಬರೆದು, 28.7ನ್ನು ಅದರೊಳಗಿನ ನನ್ನ ಆಯ್ಕೆಯೆಂದು ಬರೆದೆ. 20 ಮತ್ತು 64ರ ನಡುವೆ ನಿಂತಿದ್ದ ಜಗಳ 26 ಮತ್ತು 32ರ ನಡುವೆ ಬಂದು ನಿಂತಿತು. ಮೂರು ವಾರಗಳ ಮಾತುಕತೆಯ ನಂತರ ಇಬ್ಬರೂ 28.7ಕ್ಕೆ ಒಪ್ಪಿದರು. ತಮ್ಮನ ಪಾಲು 11.5 ಕೋಟಿ.

ಅಷ್ಟು ಹಣ ಒಮ್ಮೆಗೇ ಕೊಡಲು ಅಣ್ಣನಲ್ಲಿ ಇರಲಿಲ್ಲ. 3.5 ಕೋಟಿ ಕೂಡಲೇ, ಉಳಿದ 8 ಕೋಟಿ ನಾಲ್ಕು ವರ್ಷಗಳ ಸಮ ಕಂತುಗಳಲ್ಲಿ ಎಂದು ಗೊತ್ತಾಯಿತು. ಕಂತಿನ ಮೇಲಿನ ಬಡ್ಡಿ ಎಷ್ಟು ಎಂದಾಗ, ತಮ್ಮ ಕೂಡಲೇ ನನ್ನ ವರದಿಯನ್ನೇ ಎತ್ತಿ ಹಿಡಿದು ಶೇ. 16.1 ಎಂದರು: "ಅಣ್ಣಾ, ಸಾಹೇಬ್ರ ಬರ್ದಾರಲ್ಲ, ಈ ಫೌಂಡ್ರಿಗೆ ಹಾಕಿದ ರೊಕ್ಕಕ್ಕ ಇಷ್ಟು ಬರಬೇಕಂತ." ಬೀಟಾವನ್ನು ಅವರು ಚೆನ್ನಾಗಿಯೇ ಕಲಿತಿದ್ದರು, ಆದರೆ ಇಲ್ಲಿ ಅದು ಹೊಂದುವುದಿಲ್ಲ ಎಂದು ಹೇಳಬೇಕಾಯಿತು. ಶೇ. 16.1 ಇದ್ದದ್ದು ಎಲ್ಲರಿಗೂ ಕೊಟ್ಟು ಉಳಿದದ್ದನ್ನು ಪಡೆಯುವ ಷೇರುದಾರನಿಗೆ. ಷೇರು ಬರೆದುಕೊಟ್ಟ ದಿನದಿಂದ ತಮ್ಮ ಷೇರುದಾರನಲ್ಲ, ಸಾಲ ಕೊಟ್ಟವನು. ಪಂಪಿನ ಬೇಡಿಕೆ ಏರಿದರೂ ಇಳಿದರೂ ಅವರ ಕಂತು ಅಷ್ಟೇ. ಮಾರುಕಟ್ಟೆಯೊಂದಿಗೆ ಅಲುಗಾಡದ ಹಣಕ್ಕೆ ಅಲುಗಾಡುವ ಹಣದ ದರ ಕೇಳಲಾಗದು. ಅದೇ ಕಂಪನಿಗೆ ಬ್ಯಾಂಕು ಶೇ. 10.5ಕ್ಕೆ ಸಾಲ ಕೊಟ್ಟಿತ್ತು. ಆದರೆ ಬ್ಯಾಂಕಿಗೆ ಕಟ್ಟಡ, ಯಂತ್ರ, ಮನೆಗಳ ಅಡಮಾನವಿತ್ತು, ತಮ್ಮನಿಗೆ ಬರಿಯ ಕಾಗದ; ಕಷ್ಟ ಬಂದರೆ ಅವರ ಸರದಿ ಬ್ಯಾಂಕಿನ ನಂತರ. ಆ ಒಂದು ಕಾರಣಕ್ಕೆ ಒಂದೂವರೆ ಅಂಶ ಸೇರಿಸಿ ಶೇ. 12 ಎಂದು ಬರೆದೆವು, ಮತ್ತು ಕಂತು ತಪ್ಪಿದರೆ ಬಾಕಿಗೆ ಸಮನಾದ ಷೇರುಗಳು ತಮ್ಮನಿಗೆ ಹಿಂದಿರುಗಬೇಕೆಂಬ ಷರತ್ತನ್ನು ಅಣ್ಣನೇ ಹೇಳಿ ಸೇರಿಸಿದರು.